‘ಕುಡ್ ಯೂ ಟೆಲ್ ಮಿ’ ಆದ ಮೇಲೆ ‘ವೇರ್ ಈಸ್’ ಯಾಕೆ ಬರಬಾರದು? ಇದು ಕನ್ನಡದಲ್ಲಿ ಯೋಚಿಸುವುದರಿಂದ ಆಗುವ ತಪ್ಪೇ?

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುವ ಸ್ಪೋಕನ್ ಇಂಗ್ಲಿಷ್ ಸಂದೇಶಗಳು ನಿಮಗೂ ಬಂದಿರುತ್ತವೆ. ಅವುಗಳಲ್ಲಿ ಎರಡು ಬಗೆಯವನ್ನು ಇವತ್ತು ನೋಡೋಣ. ಮೊದಲನೆಯದು ಸಲಹೆ ಕೊಡುವ ಬಗೆ: ಯಾವ ಪ್ರಶ್ನೆಯ ಮುಂದೆ ಬೇಕಾದರೂ ‘ಕುಡ್ ಯೂ ಟೆಲ್ ಮಿ’ ಅಂತ ಸೇರಿಸಿಬಿಡಿ, ಅದು ಮರ್ಯಾದೆಯ ಇಂಗ್ಲಿಷ್ ಆಗಿಬಿಡುತ್ತದೆ ಅನ್ನುತ್ತದೆ. ಉದಾಹರಣೆಗೆ, ‘ಕುಡ್ ಯೂ ಟೆಲ್ ಮಿ ವೇರ್ ಈಸ್ ದ ಬಸ್ ಸ್ಟ್ಯಾಂಡ್?’ ಎರಡನೆಯದು ಬೈಯುವ ಬಗೆ: ಇಂಥ ಇಂಗ್ಲಿಷ್ ತಪ್ಪು, ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್‌ನಲ್ಲಿ ಮಾತಾಡುವವರು ಮಾಡುವ ತಪ್ಪು, ಮೊದಲು ಕನ್ನಡದಲ್ಲಿ ಯೋಚಿಸುವುದನ್ನು ಬಿಡಿ ಅನ್ನುತ್ತದೆ.

ಮೊದಲನೆಯದು ತಪ್ಪು ಸಲಹೆ. ಪುಸ್ತಕದ ಇಂಗ್ಲಿಷ್‌ನಲ್ಲಿ ಅದು ‘ಕುಡ್ ಯೂ ಟೆಲ್ ಮಿ ವೇರ್ ದ ಬಸ್ ಸ್ಟ್ಯಾಂಡ್ ಈಸ್?’ ಎಂದಾಗಬೇಕು. ‘ಈಸ್’ ಕೊನೆಗೆ ಹೋಗಬೇಕು. ಎರಡನೆಯದು ಅರ್ಧ ಸತ್ಯ, ಮತ್ತು ಅರ್ಧ ಸತ್ಯವಾದ್ದರಿಂದಲೇ ಹೆಚ್ಚು ತೊಂದರೆ ಕೊಡುತ್ತದೆ. ಯಾಕೆಂದರೆ ‘ಈಸ್’ ಅನ್ನು ಮುಂದಕ್ಕೆ ತರುವುದನ್ನು ಕನ್ನಡ ನಮಗೆ ಕಲಿಸಿಯೇ ಇಲ್ಲ.

ಕನ್ನಡದಲ್ಲಿ ಏನೂ ತಿರುಗುವುದಿಲ್ಲ

‘ಬಸ್ ಸ್ಟ್ಯಾಂಡ್ ಅಲ್ಲಿದೆ.’ ‘ಬಸ್ ಸ್ಟ್ಯಾಂಡ್ ಎಲ್ಲಿದೆ?’ ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪದಗಳು ಕೂತ ಜಾಗ ಒಂದೇ. ಬದಲಾದದ್ದು ‘ಅಲ್ಲಿ’ಯ ಅಕಾರ ಮಾತ್ರ, ಅದು ಎಕಾರವಾಯಿತು. ಅಷ್ಟು-ಎಷ್ಟು, ಅಂಥ-ಎಂಥ, ಹಾಗೆ-ಹೇಗೆ, ಎಲ್ಲದರಲ್ಲೂ ಇದೇ ಕತೆ. ಪ್ರಶ್ನೆ ಕೇಳಲು ಕನ್ನಡ ಪದವನ್ನು ಬದಲಿಸುತ್ತದೆ, ಸಾಲನ್ನು ತಿರುಗಿಸುವುದಿಲ್ಲ. ‘ಡಾಕ್ಟರ್ ಇದ್ದಾರೆ’ ಎನ್ನುವುದನ್ನು ಪ್ರಶ್ನೆ ಮಾಡಲು ಕೊನೆಗೆ ಒಂದು ಆಕಾರ ಎಳೆದರೆ ಸಾಕು: ‘ಡಾಕ್ಟರ್ ಇದ್ದಾರಾ?’

ಇಂಗ್ಲಿಷ್ ಹಾಗಲ್ಲ. ‘ದ ಡಾಕ್ಟರ್ ಈಸ್ ಇನ್’ ಎನ್ನುವುದು ಹೇಳಿಕೆ. ‘ಈಸ್ ದ ಡಾಕ್ಟರ್ ಇನ್?’ ಎನ್ನುವುದು ಪ್ರಶ್ನೆ. ಇಲ್ಲಿ ಕ್ರಿಯಾಪದ ಎದ್ದು ಬಂದು ಕರ್ತೃವಿನ ಮುಂದೆ ಕೂರುತ್ತದೆ. ಇದಕ್ಕೆ ಇಂಗ್ಲಿಷ್ ವ್ಯಾಕರಣದಲ್ಲಿ ಇನ್ವರ್ಶನ್ ಅಂತ ಹೆಸರು. ನಾವು ಇಲ್ಲಿ ‘ತಿರುವು’ ಅನ್ನೋಣ. ‘ನಾನು ಈಗ ಪ್ರಶ್ನೆ ಕೇಳುತ್ತಿದ್ದೇನೆ, ಉತ್ತರ ಕೊಡಿ’ ಎಂದು ಕೇಳುವವರಿಗೆ ತೋರಿಸುವ ಗುರುತು ಈ ತಿರುವು.

ಈಗ ಎರಡನೇ ಸಂದೇಶದ ವಾದವನ್ನು ಪರೀಕ್ಷೆಗೆ ಒಡ್ಡೋಣ. ಕನ್ನಡದ ಪದಕ್ರಮವೇ ಇಂಗ್ಲಿಷ್‌ಗೆ ಇಳಿದುಬಂದಿದ್ದರೆ ನಾವು ಎಲ್ಲ ಕಡೆಯೂ ತಿರುವು ಮರೆಯಬೇಕಿತ್ತು. ಹಾಗೆ ಮರೆಯುವುದೂ ಉಂಟು. ‘ವೇರ್ ಯೂ ಆರ್ ಗೋಯಿಂಗ್?’ ಅನ್ನುವುದನ್ನು ನಾವೆಲ್ಲ ಕೇಳಿದ್ದೇವೆ. ಅದು ನಿಜವಾಗಿ ಕನ್ನಡದಂತೆ ತಿರುವಿಲ್ಲದ ಪ್ರಶ್ನೆ. ಆದರೆ ‘ಕುಡ್ ಯೂ ಟೆಲ್ ಮಿ ವೇರ್ ಈಸ್ ದ ಬಸ್ ಸ್ಟ್ಯಾಂಡ್’ ಅನ್ನುವವರು ಮಾಡುತ್ತಿರುವುದು ಅದರ ಉಲ್ಟಾ. ಅವರು ತಿರುವನ್ನು ಚೆನ್ನಾಗಿಯೇ ಕಲಿತಿದ್ದಾರೆ. ಬೇಡದ ಕಡೆಯೂ ಹಾಕುತ್ತಿದ್ದಾರೆ, ಅಷ್ಟೇ. ಭಾರತೀಯ ಇಂಗ್ಲಿಷ್ ಬಗ್ಗೆ ಬರೆದ ಭಾಷಾಶಾಸ್ತ್ರಜ್ಞರು ಈ ಎರಡನ್ನೂ ಒಟ್ಟಿಗೆ ಗುರುತಿಸಿದ್ದಾರೆ: ನೇರ ಪ್ರಶ್ನೆಯಲ್ಲಿ ತಿರುವು ತಪ್ಪುವುದು, ಒಳಗಿನ ಪ್ರಶ್ನೆಯಲ್ಲಿ ತಿರುವು ಉಳಿಯುವುದು. ಮಾತೃಭಾಷೆ ಕನ್ನಡ, ಹಿಂದಿ, ಬಂಗಾಳಿ ಯಾವುದೇ ಇರಲಿ, ಇದು ಕಾಣುತ್ತದೆ.

ಹಾಗಾದರೆ ಕನ್ನಡದ ಪಾಲು ಎಲ್ಲಿದೆ?

ಕೃಷ್ಣರಾಜಪೇಟೆ ತಾಲ್ಲೂಕಿನ ಬೂಕನಕೆರೆಯಲ್ಲಿ ಬಸ್ಸಿಗೆ ಕಾಯುತ್ತಿರುವವರೊಬ್ಬರು ಪಕ್ಕದವರನ್ನು ಕೇಳುವುದನ್ನು ಊಹಿಸಿಕೊಳ್ಳಿ. (ಮಾಜಿ ಮುಖ್ಯಮಂತ್ರಿ ಯಡಿಯೂರಪ್ಪನವರ ಹುಟ್ಟೂರು ಅಂದರೆ ಹೊರಗಿನವರಿಗೆ ಬೇಗ ಗೊತ್ತಾಗುತ್ತದೆ.) ‘ಬಸ್ಸು ಎಷ್ಟೊತ್ಗೆ ಬತ್ತದೆ?’ ಎನ್ನುವುದು ನೇರ ಪ್ರಶ್ನೆ. ಅದನ್ನೇ ಸ್ವಲ್ಪ ನಯವಾಗಿ ಕೇಳಬೇಕಾದರೆ ‘ಬಸ್ಸು ಎಷ್ಟೊತ್ಗೆ ಬತ್ತದೆ ಅಂತ ವಸಿ ಯೋಳಣ್ಣ’ ಅನ್ನುತ್ತಾರೆ. ಗಮನಿಸಿ, ನೇರ ಪ್ರಶ್ನೆಯ ಒಂದಕ್ಷರವೂ ಅಲ್ಲಾಡಲಿಲ್ಲ. ಅದನ್ನು ಇಡಿಯಾಗಿ ಎತ್ತಿ, ‘ಅಂತ’ ಎನ್ನುವ ಅಂಟು ಹಚ್ಚಿ, ‘ವಸಿ ಯೋಳಣ್ಣ’ಕ್ಕೆ ಸೇರಿಸಿದ್ದಾಯಿತು.

ಈ ‘ಅಂತ’ (ಬರಹದಲ್ಲಿ ‘ಎಂದು’) ಬಹಳ ಉಪಕಾರಿ ಪದ. ಇನ್ನೊಬ್ಬರ ಮಾತನ್ನು ಇದ್ದ ಹಾಗೇ ಹೊತ್ತು ತರುತ್ತದೆ. ‘ಎಲ್ಲಿಗೆ ಹೋಗ್ತೀಯ ಅಂತ ಕೇಳಿದರು.’ ‘ಯಾಕೆ ಬರಲಿಲ್ಲ ಅಂತ ಗೊತ್ತಿಲ್ಲ.’ ‘ಅಂತ’ದ ಹಿಂದೆ ಬಂದದ್ದನ್ನು ಕತ್ತರಿಸಿ ಬೇರೆ ಇಟ್ಟರೆ ಅದೊಂದು ಪೂರ್ತಿ ನೇರ ಪ್ರಶ್ನೆಯಾಗಿ ನಿಲ್ಲುತ್ತದೆ.

ಕನ್ನಡದಿಂದ ನಾವು ಇಂಗ್ಲಿಷ್‌ಗೆ ತೆಗೆದುಕೊಂಡು ಹೋಗುವುದು ಪದಗಳ ಸಾಲನ್ನಲ್ಲ, ಈ ಅಂಟಿಸುವ ಅಭ್ಯಾಸವನ್ನು. ‘ವೇರ್ ಈಸ್ ದ ಬಸ್ ಸ್ಟ್ಯಾಂಡ್’ ಎನ್ನುವುದನ್ನು ಶಾಲೆಯಲ್ಲಿ ಒಂದೇ ಗಟ್ಟಿಯಾಗಿ ಬಾಯಿಪಾಠ ಮಾಡಿರುತ್ತೇವೆ. ಅದರ ಒಳಗೆ ಒಂದು ತಿರುವು ನಡೆದಿದೆ ಅನ್ನುವುದು ನೆನಪಿರುವುದಿಲ್ಲ. ಇಡೀ ಗಟ್ಟಿಯನ್ನು ಎತ್ತಿ ‘ಕುಡ್ ಯೂ ಟೆಲ್ ಮಿ’ಗೆ ಅಂಟಿಸುತ್ತೇವೆ. ‘ವಾಟ್ ಈಸ್’, ‘ವೇರ್ ಈಸ್’, ‘ಹೌ ಮಚ್ ಈಸ್’ ಇವುಗಳ ಜೊತೆ ಈ ತಪ್ಪು ಹೆಚ್ಚು ಕೇಳಿಸುವುದಕ್ಕೆ ಇದೇ ಕಾರಣ ಅನ್ನುವುದು ನಮ್ಮ ಅಂದಾಜು. ಬಾಯಿಗೆ ಬಹಳ ಬಳಕೆಯಾದ ಗಟ್ಟಿಗಳು ಅವೇ.

ಇಂಥದ್ದು ನಮ್ಮಲ್ಲಿ ಮಾತ್ರ ಅಂತ ತಿಳಿಯಬೇಡಿ. ಐರ್ಲೆಂಡ್‌ನಲ್ಲಿ ಇಂಗ್ಲಿಷನ್ನೇ ಮನೆಮಾತಾಗಿ ಆಡುವವರು ‘ಐ ವಂಡರ್ ಈಸ್ ಹಿ ಕಮಿಂಗ್’ ಎಂದು ಸಹಜವಾಗಿ ಹೇಳುತ್ತಾರೆ. ಅಲ್ಲಿನ ಹಳೆಯ ಭಾಷೆಯಾದ ಐರಿಷ್‌ನಲ್ಲೂ ‘ಹೌದೋ ಅಲ್ಲವೋ’ ಬಗೆಯ ಪ್ರಶ್ನೆ ಇನ್ನೊಂದು ವಾಕ್ಯದ ಒಳಗೆ ಹೋದಾಗ ಬದಲಾಗದೆ ಹಾಗೇ ಉಳಿಯುತ್ತದೆ. ಅವರನ್ನು ಯಾರೂ ಐರಿಷ್‌ನಲ್ಲಿ ಯೋಚಿಸುವುದನ್ನು ಬಿಡಿ ಅನ್ನುವುದಿಲ್ಲ.

ಕೊನೆಯ ಮೆಟ್ಟಿಲಿನ ಹಿಂದಿನ ತಪ್ಪು

ಎರಡನೇ ಭಾಷೆ ಕಲಿಯುವವರು ಯಾವ ಕ್ರಮದಲ್ಲಿ ಮುಂದುವರಿಯುತ್ತಾರೆ ಎಂಬುದನ್ನು ಅಧ್ಯಯನ ಮಾಡಿದವರಲ್ಲಿ ಮಾನ್‌ಫ್ರೆಡ್ ಪೀನೆಮನ್ ಎಂಬ ಭಾಷಾಶಾಸ್ತ್ರಜ್ಞರ ಹೆಸರು ದೊಡ್ಡದು. 1998ರಲ್ಲಿ ಬಂದ ಅವರ ಪುಸ್ತಕದಲ್ಲಿ ಇಂಗ್ಲಿಷ್ ಕಲಿಕೆಯ ಮೆಟ್ಟಿಲುಗಳ ವಿವರ ಇದೆ. ಕಲಿಯುವವರು ಮೊದಲು ಬಿಡಿ ಪದಗಳಲ್ಲಿ ಕೇಳುತ್ತಾರೆ. ಆಮೇಲೆ ಹೇಳಿಕೆಯನ್ನೇ ರಾಗ ಎಳೆದು ಪ್ರಶ್ನೆ ಮಾಡುತ್ತಾರೆ. ಆಮೇಲೆ ನಿಧಾನವಾಗಿ ತಿರುವು ಹಿಡಿಯುತ್ತದೆ. ಇವೆಲ್ಲ ಆದ ಮೇಲೆ, ಕಟ್ಟಕಡೆಯ ಮೆಟ್ಟಿಲಾಗಿ ಅವರು ಇಟ್ಟಿರುವುದು ಇದನ್ನೇ: ಒಳಗಿನ ಪ್ರಶ್ನೆಯಲ್ಲಿ ತಿರುವನ್ನು ರದ್ದು ಮಾಡುವುದು.

ಅಂದರೆ ಮನೆಮಾತು ಯಾವುದೇ ಆಗಿರಲಿ, ಕಲಿಯುವವರಿಗೆ ಇದು ತಡವಾಗಿಯೇ ಬರುತ್ತದೆ. ಕಷ್ಟಪಟ್ಟು ಕಲಿತ ಒಂದು ನಿಯಮವನ್ನು ಎಲ್ಲಿ ಬಿಡಬೇಕು ಅಂತ ಕಲಿಯುವುದು ಆ ನಿಯಮವನ್ನು ಕಲಿಯುವುದಕ್ಕಿಂತ ಕಷ್ಟ. ‘ಕುಡ್ ಯೂ ಟೆಲ್ ಮಿ ವೇರ್ ಈಸ್’ ಅನ್ನುವವರನ್ನು ಇಂಗ್ಲಿಷ್ ಬಾರದವರು ಎಂದು ನಗುವವರು, ಅವರು ‘ವೇರ್ ಯೂ ಆರ್ ಗೋಯಿಂಗ್’ ಎನ್ನುವ ಹಂತವನ್ನು ದಾಟಿ ಬಂದಿದ್ದಾರೆ ಎಂಬುದನ್ನು ಗಮನಿಸಿರುವುದಿಲ್ಲ.

ತಿರುವು ಒಳಗೆ ಯಾಕೆ ಬೇಡ?

ತಿರುವು ಒಂದು ಗುರುತು ಎಂದೆವಲ್ಲ, ‘ಇದು ಪ್ರಶ್ನೆ, ಉತ್ತರ ಕೊಡಿ’ ಎಂಬ ಗುರುತು. ‘ಕುಡ್ ಯೂ ಟೆಲ್ ಮಿ’ ಎಂದಾಗಲೇ ಆ ಗುರುತು ಬಿದ್ದಾಯಿತು. ‘ಯೂ ಕುಡ್’ ಎಂಬುದು ‘ಕುಡ್ ಯೂ’ ಎಂದು ತಿರುಗಿದೆ. ವ್ಯಾಕರಣದ ಲೆಕ್ಕದಲ್ಲಿ ಕೇಳುತ್ತಿರುವ ಪ್ರಶ್ನೆ ‘ಹೇಳಬಹುದೇ?’ ಎನ್ನುವುದು ಮಾತ್ರ. ‘ವೇರ್ ದ ಬಸ್ ಸ್ಟ್ಯಾಂಡ್ ಈಸ್’ ಎನ್ನುವ ಭಾಗ ಈಗ ಪ್ರಶ್ನೆಯಾಗಿ ಉಳಿದಿಲ್ಲ. ಅದು ಏನನ್ನು ಹೇಳಬೇಕು ಎಂಬುದರ ಹೆಸರು. ‘ವಿಳಾಸ’ ಎನ್ನುವ ಒಂದು ಪದ ಕೂರುವ ಜಾಗದಲ್ಲಿ ಅದು ಕೂತಿದೆ. ‘ಕುಡ್ ಯೂ ಟೆಲ್ ಮಿ ದ ಅಡ್ರೆಸ್?’ ಅನ್ನಬಹುದಲ್ಲ, ಆ ‘ದ ಅಡ್ರೆಸ್’ ಜಾಗ.

ಪ್ರಶ್ನಾರ್ಥಕ ಚಿಹ್ನೆ ಹಾಕುವುದರಲ್ಲೂ ಇದು ಕಾಣುತ್ತದೆ. ‘ಕುಡ್ ಯೂ ಟೆಲ್ ಮಿ ವೇರ್ ಹಿ ಲಿವ್ಸ್?’ ಎಂದು ಬರೆದರೆ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ. ‘ಐ ಡೋಂಟ್ ನೋ ವೇರ್ ಹಿ ಲಿವ್ಸ್.’ ಎಂದು ಬರೆದರೆ ಬರೀ ಚುಕ್ಕಿ. ಎರಡರಲ್ಲೂ ‘ವೇರ್’ ಇದೆ. ಚಿಹ್ನೆ ತೀರ್ಮಾನಿಸುವುದು ಹೊರಗಿನ ವಾಕ್ಯ.

ವಿಚಿತ್ರ ಏನೆಂದರೆ, ಈ ನಿಯಮ ನಮಗೆ ಹೊಸದಲ್ಲ. ಎಸ್ಸೆಸ್ಸೆಲ್ಸಿಗೆ ಓದುವಾಗ ರಿಪೋರ್ಟೆಡ್ ಸ್ಪೀಚ್ ಎಂಬ ಹೆಸರಿನಲ್ಲಿ ‘ಹಿ ಆಸ್ಕ್‌ಡ್ ಮಿ ವೇರ್ ಐ ಲಿವ್ಡ್’ ಎಂದು ಬದಲಿಸುವುದನ್ನು ಮಾಡಿಯೇ ಇರುತ್ತೇವೆ. ಆದರೆ ಅದು ಪರೀಕ್ಷೆಯ ಒಂದು ಅಂಕದ ಕೆಲಸವಾಗಿ ಉಳಿಯುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ‘ಕುಡ್ ಯೂ ಟೆಲ್ ಮಿ’ ಅನ್ನುವಾಗ ಬೇಕಾದದ್ದೂ ಅದೇ ನಿಯಮ ಅಂತ ಹೊಳೆಯುವುದಿಲ್ಲ.

ಒಂದು ಫೋನ್ ಕರೆ

ಬೂಕನಕೆರೆಯ ಒಬ್ಬ ಹುಡುಗಿ ತನ್ನ ಅಪ್ಪನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕು ಅಂತ ಇಟ್ಟುಕೊಳ್ಳಿ. ಫೋನ್ ಎತ್ತಿದವರು ಇಂಗ್ಲಿಷ್‌ನಲ್ಲಿ ಮಾತಾಡುತ್ತಾರೆ. ಅವಳಿಗೆ ಐದು ವಿಷಯ ಬೇಕು.

ಮೊದಲನೆಯದು ಒಪಿಡಿ ಕೌಂಟರ್ ಎಲ್ಲಿದೆ ಎನ್ನುವುದು. ನೇರವಾಗಿ ಕೇಳಿದರೆ ‘ವೇರ್ ಈಸ್ ದ ಒಪಿಡಿ ಕೌಂಟರ್?’ ಒಳಗೆ ಹೋದಾಗ ‘ಈಸ್’ ತನ್ನ ಹಳೆಯ ಜಾಗಕ್ಕೆ, ಅಂದರೆ ಕೌಂಟರಿನ ಹಿಂದಕ್ಕೆ ವಾಪಸ್ ಹೋಗುತ್ತದೆ: ‘ಕುಡ್ ಯೂ ಟೆಲ್ ಮಿ ವೇರ್ ದ ಒಪಿಡಿ ಕೌಂಟರ್ ಈಸ್?’ ಕೌಂಟರ್ ಎಂಬ ಪದ ಆಗಲೇ ಬಂದಿದ್ದು ‘ಇಟ್’ ಎಂದು ಹೇಳುವುದಾದರೆ ‘ವೇರ್ ಇಟ್ ಈಸ್’ ಎಂದು ಬಿಡಿಸಿಯೇ ಹೇಳಬೇಕು. ‘ವೇರ್ ಇಟ್ಸ್’ ಎಂದು ಮೊಟಕು ಮಾಡುವಂತಿಲ್ಲ, ವಾಕ್ಯದ ತುದಿಯಲ್ಲಿ ನಿಂತ ‘ಈಸ್’ ಮೊಟಕಾಗುವುದಿಲ್ಲ.

ಎರಡನೆಯದು ಡಾಕ್ಟರ್ ಯಾವಾಗ ಬರುತ್ತಾರೆ ಎನ್ನುವುದು. ‘ವೆನ್ ಡಸ್ ದ ಡಾಕ್ಟರ್ ಕಮ್?’ ಇಲ್ಲಿ ‘ಡಸ್’ ಏನು ಮಾಡುತ್ತಿದೆ? ಅದಕ್ಕೆ ಸ್ವಂತ ಅರ್ಥ ಇಲ್ಲ. ‘ಕಮ್’ನಂಥ ಕ್ರಿಯಾಪದಗಳನ್ನು ಇಂದಿನ ಇಂಗ್ಲಿಷ್‌ನಲ್ಲಿ ನೇರವಾಗಿ ಮುಂದಕ್ಕೆ ತರಲು ಆಗದ ಕಾರಣ, ತಿರುವಿಗಾಗಿಯೇ ಕರೆಸಿಕೊಂಡ ಕೂಲಿಯಾಳು ಅದು. ತಿರುವೇ ಬೇಡ ಎಂದಾದಾಗ ಆಳಿಗೆ ಕೆಲಸ ಇಲ್ಲ, ಅದು ಮನೆಗೆ ಹೋಗುತ್ತದೆ. ಹೋಗುವಾಗ ತನ್ನ ಕೊನೆಯ ‘ಸ್’ ಅನ್ನು ‘ಕಮ್’ಗೆ ಕೊಟ್ಟು ಹೋಗುತ್ತದೆ: ‘ಕುಡ್ ಯೂ ಟೆಲ್ ಮಿ ವೆನ್ ದ ಡಾಕ್ಟರ್ ಕಮ್ಸ್?’ ‘ಡಿಡ್’ ಇದ್ದರೂ ಹೀಗೆಯೇ. ‘ವೆನ್ ಡಿಡ್ ದ ಡಾಕ್ಟರ್ ಲೀವ್’ ಎನ್ನುವುದು ‘ವೆನ್ ದ ಡಾಕ್ಟರ್ ಲೆಫ್ಟ್’ ಆಗುತ್ತದೆ; ಭೂತಕಾಲದ ಭಾರ ಕ್ರಿಯಾಪದದ ಮೇಲೆ ಬೀಳುತ್ತದೆ. ‘ಈಸ್’ ಅನ್ನು ಸರಿಯಾಗಿ ಸರಿಸಿದವರೂ ಈ ‘ಡಸ್’, ‘ಡಿಡ್’ಗಳಲ್ಲಿ ಎಡವುತ್ತಾರೆ. ‘ವೆನ್ ದ ಡಾಕ್ಟರ್ ಡಸ್ ಕಮ್’ ಅಂತ ಕೇಳಿಸಿದರೆ, ನಿಯಮದ ಅರ್ಧ ಮಾತ್ರ ಹಿಡಿದಿದೆ ಎಂದು ಗೊತ್ತಾಗುತ್ತದೆ.

ಮೂರನೆಯದು ಸ್ಕ್ಯಾನಿಂಗ್‌ಗೆ ಎಷ್ಟಾಗುತ್ತದೆ ಎನ್ನುವುದು. ‘ಹೌ ಮಚ್ ಡಸ್ ದ ಸ್ಕ್ಯಾನ್ ಕಾಸ್ಟ್’ ಎನ್ನುವುದು ‘ಹೌ ಮಚ್ ದ ಸ್ಕ್ಯಾನ್ ಕಾಸ್ಟ್ಸ್’ ಆಗುತ್ತದೆ. ಹೇಳುವುದಕ್ಕೆ ಹೊಸತೇನಿಲ್ಲ.

ನಾಲ್ಕನೆಯದು ಹಳೆಯ ರಿಪೋರ್ಟ್ ಬಂದಿದೆಯೇ ಎನ್ನುವುದು. ‘ಈಸ್ ದ ರಿಪೋರ್ಟ್ ರೆಡಿ?’ ಇದರಲ್ಲಿ ‘ವೇರ್’, ‘ವೆನ್’ ಮುಂತಾದ ಪ್ರಶ್ನೆಯ ಪದವೇ ಇಲ್ಲ. ಇದು ಪ್ರಶ್ನೆ ಎಂದು ತೋರಿಸುತ್ತಿದ್ದುದು ತಿರುವು ಒಂದೇ. ಅದನ್ನೂ ತೆಗೆದರೆ ಪ್ರಶ್ನೆಯ ಸುಳಿವೇ ಉಳಿಯುವುದಿಲ್ಲ. ಅದಕ್ಕೇ ಇಂಗ್ಲಿಷ್ ಇಲ್ಲಿ ‘ಇಫ್’ ಅಥವಾ ‘ವೆದರ್’ ಎಂಬ ಪದವನ್ನು ತಂದು ಕೂರಿಸುತ್ತದೆ: ‘ಕುಡ್ ಯೂ ಟೆಲ್ ಮಿ ಇಫ್ ದ ರಿಪೋರ್ಟ್ ಈಸ್ ರೆಡಿ?’

ಐದನೆಯದು ರಿಪೋರ್ಟ್ ಯಾರು ಕೊಡುತ್ತಾರೆ ಎನ್ನುವುದು. ‘ಹೂ ಗಿವ್ಸ್ ದ ರಿಪೋರ್ಟ್?’ ಇದನ್ನು ಒಳಗೆ ಹಾಕಿದಾಗ ಏನೂ ಬದಲಾಗುವುದಿಲ್ಲ: ‘ಕುಡ್ ಯೂ ಟೆಲ್ ಮಿ ಹೂ ಗಿವ್ಸ್ ದ ರಿಪೋರ್ಟ್?’ ಯಾಕೆಂದರೆ ಇಲ್ಲಿ ‘ಹೂ’ ಎನ್ನುವುದೇ ಕರ್ತೃ. ಕೊಡುವವರು ಅವರೇ. ಮೊದಲಿಂದಲೂ ಅದು ಕ್ರಿಯಾಪದದ ಮುಂದೆಯೇ ಇತ್ತು, ತಿರುವು ನಡೆದೇ ಇರಲಿಲ್ಲ, ಹಾಗಾಗಿ ರದ್ದು ಮಾಡಲು ಏನೂ ಇಲ್ಲ. ‘ವಾಟ್ ಹ್ಯಾಪನ್ಡ್’ ಕೂಡ ಹೀಗೆಯೇ. ಫಾರ್ವರ್ಡ್ ಸಂದೇಶದ ‘ಸುಮ್ಮನೆ ಮುಂದೆ ಸೇರಿಸಿ’ ಎನ್ನುವ ಸಲಹೆ ಜನರಿಗೆ ಸರಿ ಅನ್ನಿಸುವುದಕ್ಕೆ ಇಂಥ ಪ್ರಶ್ನೆಗಳೂ ಕಾರಣ. ಇವುಗಳಲ್ಲಿ ಅದು ನಿಜವಾಗಿಯೂ ಕೆಲಸ ಮಾಡುತ್ತದೆ.

ಇಷ್ಟೆಲ್ಲ ಬದಲಾಯಿಸದೆ ಅವಳು ‘ವೇರ್ ಈಸ್ ದ ಒಪಿಡಿ ಕೌಂಟರ್’ ಎಂದೇ ಅಂಟಿಸಿ ಕೇಳಿದರೆ? ಆ ಕಡೆಯವರಿಗೆ ಪೂರ್ತಿ ಅರ್ಥವಾಗುತ್ತದೆ, ಅಪ್ಪನ ಕೆಲಸ ನಿಲ್ಲುವುದಿಲ್ಲ. ಮಾತಿನಲ್ಲಿ ಇದು ಅಡ್ಡಿಯಲ್ಲ. ಪರೀಕ್ಷೆ, ಉದ್ಯೋಗದ ಅರ್ಜಿ, ಕಚೇರಿಯ ಇಮೇಲ್ ಇಂಥ ಬರಹದ ಕಡೆ ಮಾತ್ರ ಇದನ್ನು ತಪ್ಪೆಂದು ಎಣಿಸುತ್ತಾರೆ, ಅಲ್ಲಿ ಅಂಕವೋ ಕೆಲಸವೋ ಕೈತಪ್ಪಬಹುದು.

ಕನ್ನಡದಲ್ಲೇ ಇರುವ ನೆರವು

‘ಕನ್ನಡದಲ್ಲಿ ಯೋಚಿಸಬೇಡಿ’ ಎಂಬ ಸಲಹೆಯನ್ನು ನಾವು ಒಪ್ಪದಿರುವುದಕ್ಕೆ ಇನ್ನೂ ಒಂದು ಕಾರಣ ಇದೆ. ಒಳಗಿನ ಪ್ರಶ್ನೆ ನೇರ ಪ್ರಶ್ನೆಗಿಂತ ಬೇರೆ ಎನ್ನುವುದು ಕನ್ನಡಕ್ಕೆ ಗೊತ್ತಿದೆ. ‘ಅಂತ’ ಬಿಟ್ಟು ಕನ್ನಡದಲ್ಲಿ ಇನ್ನೊಂದು ದಾರಿ ಇದೆ, ಅದು ಓಕಾರದ ದಾರಿ.

ಮಂಡ್ಯದ ಕಡೆ ಒಬ್ಬನನ್ನು ಹುಡುಕುವಾಗ ‘ಎಲ್ಲವ್ನೆ?’ ಎಂದು ಕೇಳುತ್ತಾರೆ. ಗೊತ್ತಿಲ್ಲದವರು ‘ಎಲ್ಲವ್ನೋ ಗೊತ್ತಿಲ್ಲ’ ಅನ್ನುತ್ತಾರೆ. ಬರಹದ ಕನ್ನಡದಲ್ಲಿ ‘ಎಲ್ಲಿದ್ದಾನೆ?’ ಮತ್ತು ‘ಎಲ್ಲಿದ್ದಾನೋ ಗೊತ್ತಿಲ್ಲ’. ಹಾಗೆಯೇ ‘ರಿಪೋರ್ಟು ಬಂದದಾ?’ ಎನ್ನುವುದು ನೇರ ಪ್ರಶ್ನೆ, ‘ಬಂದದೋ ಇಲ್ವೋ ನೋಡಿ’ ಎನ್ನುವುದು ಒಳಗಿನದು. ನೇರ ಪ್ರಶ್ನೆಯ ಆಕಾರ ಒಳಗೆ ಹೋದ ಕೂಡಲೇ ಕಳಚಿ ಓಕಾರ ಬಂತು.  ಇಂಗ್ಲಿಷ್‌ನ ‘ವೆದರ್’ ಮಾಡುವ ಕೆಲಸ ಹೆಚ್ಚು ಕಡಿಮೆ ಇದೇ. ನೇರ ಪ್ರಶ್ನೆಯ ಗುರುತನ್ನು ಕಳಚುವ ಕೆಲಸವನ್ನು ಎರಡೂ ಭಾಷೆ ಮಾಡುತ್ತವೆ. ಕನ್ನಡ ಅದನ್ನು ಕೊನೆಯ ಅಕ್ಷರದಲ್ಲಿ ಮಾಡುತ್ತದೆ, ಇಂಗ್ಲಿಷ್ ಪದಗಳ ಜಾಗದಲ್ಲಿ ಮಾಡುತ್ತದೆ.

ಇದನ್ನು ಹೀಗೆ ಬಳಸಬಹುದು. ಇಂಗ್ಲಿಷ್‌ನಲ್ಲಿ ‘ಕುಡ್ ಯೂ ಟೆಲ್ ಮಿ’, ‘ಡು ಯೂ ನೋ’, ‘ಐ ಡೋಂಟ್ ನೋ’, ‘ಐ ವಾಂಟ್ ಟು ನೋ’ ಎಂದು ಶುರು ಮಾಡುವಾಗ ಮನಸ್ಸಿನಲ್ಲಿ ‘ಅಂತ’ ಇಡುವ ಬದಲು ಓಕಾರ ಇಟ್ಟುಕೊಳ್ಳಿ. ‘ಡಾಕ್ಟರ್ ಯಾವಾಗ ಬರುತ್ತಾರೋ ಗೊತ್ತಿಲ್ಲ.’ ಆಗ ಒಳಗಿನದು ಪ್ರಶ್ನೆಯಲ್ಲ ಎನ್ನುವುದು ಕನ್ನಡದಲ್ಲೇ ಅನುಭವಕ್ಕೆ ಬರುತ್ತದೆ, ‘ಐ ಡೋಂಟ್ ನೋ ವೆನ್ ದ ಡಾಕ್ಟರ್ ಕಮ್ಸ್’ ಹೇಳುವುದು ಸುಲಭವಾಗುತ್ತದೆ. ಬರೆದಾದ ಮೇಲೆ ಪರೀಕ್ಷಿಸಬೇಕಾದರೆ ‘ಕುಡ್ ಯೂ ಟೆಲ್ ಮಿ’ ಎಂಬ ಭಾಗವನ್ನೂ ಪ್ರಶ್ನೆಯ ಪದವನ್ನೂ ಬೆರಳಿನಿಂದ ಮುಚ್ಚಿ ಉಳಿದದ್ದನ್ನು ಓದಿ. ‘ದ ಡಾಕ್ಟರ್ ಕಮ್ಸ್’, ‘ದ ರಿಪೋರ್ಟ್ ಈಸ್ ರೆಡಿ’ ಎಂದು ಹೇಳಿಕೆಯ ಹಾಗೆ ಕೇಳಿಸಿದರೆ ಸರಿ ಇದೆ. ‘ಡಸ್ ದ ಡಾಕ್ಟರ್ ಕಮ್’ ಎಂದು ಪ್ರಶ್ನೆಯ ಹಾಗೆ ಕೇಳಿಸಿದರೆ ತಿರುವು ಒಳಗೇ ಉಳಿದಿದೆ.

ಈ ಪರೀಕ್ಷೆ ಎರಡು ಕಡೆ ನಡೆಯುವುದಿಲ್ಲ. ‘ಟೆಲ್ ಮಿ, ವೇರ್ ಈಸ್ ದ ಬಸ್ ಸ್ಟ್ಯಾಂಡ್?’ ಎಂದು ನಡುವೆ ಅಲ್ಪವಿರಾಮ ಹಾಕಿ, ಉಸಿರು ನಿಲ್ಲಿಸಿ ಕೇಳಿದರೆ ಅವು ಎರಡು ಬೇರೆ ಬೇರೆ ಮಾತು. ಎರಡನೆಯದು ನೇರ ಪ್ರಶ್ನೆ, ತಿರುವು ಇರಲೇಬೇಕು. ಇನ್ನೊಂದು ‘ಥಿಂಕ್’ ಬಂದಾಗ. ‘ಅವನು ಎಲ್ಲಿದ್ದಾನೆ ಅಂತ ಅಂದ್ಕೊಂಡಿದ್ದೀರಿ?’ ಎನ್ನುವುದಕ್ಕೆ ‘ಡು ಯೂ ಥಿಂಕ್ ವೇರ್ ಹಿ ಈಸ್’ ಅನ್ನುವಂತಿಲ್ಲ. ಈ ಪ್ರಶ್ನೆಗೆ ‘ಹೌದು’, ‘ಇಲ್ಲ’ ಎಂದು ಉತ್ತರ ಕೊಡಲು ಬರುವುದಿಲ್ಲ, ಕೇಳುತ್ತಿರುವುದು ಜಾಗವನ್ನೇ. ಆದ್ದರಿಂದ ‘ವೇರ್’ ಎಲ್ಲಕ್ಕಿಂತ ಮುಂದೆ ಬಂದು ‘ವೇರ್ ಡು ಯೂ ಥಿಂಕ್ ಹಿ ಈಸ್?’ ಆಗುತ್ತದೆ. ತಿರುವು ‘ಡು ಯೂ’ನಲ್ಲಿ ಒಮ್ಮೆ ಮುಗಿಯಿತು, ‘ಹಿ ಈಸ್’ ಹೇಳಿಕೆಯ ಕ್ರಮದಲ್ಲೇ ಉಳಿಯಿತು.